ಟರ್ಮ್ ವಿಮೆ: ಹತ್ತು ವರ್ಷ ತಡವಾದರೆ ಕಂತು ಏರುವುದೇಕೆ?

ಮೂವತ್ತು ವರ್ಷದ ಹತ್ತು ಸಾವಿರ ಜನ ಒಂದು ಒಪ್ಪಂದಕ್ಕೆ ಬಂದರು ಎಂದುಕೊಳ್ಳಿ. ಈ ಒಂದು ವರ್ಷದಲ್ಲಿ ತಮ್ಮಲ್ಲಿ ಯಾರು ತೀರಿಕೊಂಡರೂ ಅವರ ಮನೆಯವರಿಗೆ ಒಂದು ಕೋಟಿ ರೂಪಾಯಿ ಕೊಡಬೇಕು. ಹಾಗಾದರೆ ಒಬ್ಬೊಬ್ಬರು ಎಷ್ಟು ಹಣ ಹಾಕಬೇಕು? ಯಾರು ಸಾಯುತ್ತಾರೆಂದು ಹೇಳಲು ಯಾರಿಂದಲೂ ಆಗದು. ಎಷ್ಟು ಜನ ಸಾಯಬಹುದು ಎಂಬುದನ್ನು ಮಾತ್ರ ಸಾಕಷ್ಟು ನಿಖರವಾಗಿ ಹೇಳಬಹುದು. ಭಾರತದ ವಿಮಾದಾರರ 2012–14ರ ಮರಣ ಕೋಷ್ಟಕದ ಪ್ರಕಾರ ಆ ವಯಸ್ಸಿನ ಹತ್ತು ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು ಹತ್ತು ಜನ ಸಾಯುತ್ತಾರೆ. ಬೇಕಾದದ್ದು ಹತ್ತು ಕೋಟಿ, ತಲೆಗೆ ಹತ್ತು ಸಾವಿರ ರೂಪಾಯಿ.

ಟರ್ಮ್ ವಿಮೆಯ ಒಳಗಿನ ಯಂತ್ರ ಇಷ್ಟೇ. ಇದರಲ್ಲಿ ಉಳಿತಾಯವಿಲ್ಲ, ಬೋನಸ್ ಇಲ್ಲ. ಆದ್ದರಿಂದಲೇ ವಯಸ್ಸಿನ ಪರಿಣಾಮ ಯಾವ ಮುಸುಕೂ ಇಲ್ಲದೆ ಕಾಣುತ್ತದೆ.

ಅದೇ ಕೋಷ್ಟಕದಲ್ಲಿ ನಲವತ್ತಕ್ಕೆ ಬಂದರೆ ಸಾವುಗಳು ಹದಿನೇಳಾಗುತ್ತವೆ, ಐವತ್ತಕ್ಕೆ ನಲವತ್ತನಾಲ್ಕು, ಅರವತ್ತಕ್ಕೆ ನೂರರ ಮೇಲೆ. ಗಮನಿಸಿ, ಮೊದಲ ಹತ್ತು ವರ್ಷಕ್ಕೆ ಏರಿದ್ದು ಏಳು, ಮುಂದಿನ ಹತ್ತಕ್ಕೆ ಇಪ್ಪತ್ತೇಳು. ಸಾವಿನ ಪ್ರಮಾಣ ವಯಸ್ಸಿನೊಂದಿಗೆ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಇದನ್ನು 1825ರಲ್ಲಿ ಸೂತ್ರವಾಗಿಸಿದವರು ಲಂಡನ್ನಿನ ಬೆಂಜಮಿನ್ ಗಾಂಪರ್ಟ್ಸ್, ಅವರೂ ವಿಮಾ ಗಣಿತಜ್ಞರೇ.

ಹಾಗಿದ್ದರೆ ಕಂತು ಪ್ರತಿವರ್ಷ ಏರಬೇಕಲ್ಲ? ಏರಿದರೆ ಐವತ್ತೈದು ದಾಟಿದವರು ಕಟ್ಟಲಾರದೆ ಬಿಟ್ಟುಬಿಡುತ್ತಾರೆ. ಈ ತೊಡಕನ್ನು ಬಿಡಿಸಿದವರು ಜೇಮ್ಸ್ ಡಾಡ್ಸನ್ ಎಂಬ ಗಣಿತದ ಮೇಷ್ಟ್ರು. ವಯಸ್ಸು ಹೆಚ್ಚಾಯಿತೆಂದು ಲಂಡನ್ನಿನ ಅಮಿಕಬಲ್ ಸೊಸೈಟಿ ಎಂಬ ವಿಮಾ ಸಂಘ ಅವರನ್ನು ಸೇರಿಸಿಕೊಳ್ಳಲಿಲ್ಲವಂತೆ. ಅಲ್ಲಿ ವಯಸ್ಸಿಗೆ ತಕ್ಕ ದರವೇ ಇರಲಿಲ್ಲ, ಹಾಗಾಗಿ ವಯಸ್ಸಾದವರನ್ನು ಹೊರಗಿಡುವುದೊಂದೇ ಆ ಸಂಘಕ್ಕೆ ಗೊತ್ತಿದ್ದ ದಾರಿ. ಸೇರುವಾಗಿನ ವಯಸ್ಸಿನ ಮೇಲೆ ದರ ನಿಗದಿ ಮಾಡಿ, ಕೊನೆಯವರೆಗೂ ಅದನ್ನೇ ಇಡಬಹುದೆಂದು ಡಾಡ್ಸನ್ ಲೆಕ್ಕ ಹಾಕಿ ತೋರಿಸಿದರು. 1757ರಲ್ಲಿ ಅವರು ತೀರಿಕೊಂಡರು. ಅವರ ಲೆಕ್ಕದ ಮೇಲೆ ನಿಂತ ಈಕ್ವಿಟೆಬಲ್ ಸೊಸೈಟಿ 1762ರಲ್ಲಿ ಶುರುವಾಯಿತು.

ಈಗ ನಮ್ಮ ಉದಾಹರಣೆಗೆ ಬರೋಣ. ಒಂದು ಕೋಟಿಯ ವಿಮೆ, ಅರವತ್ತರವರೆಗೆ. ಕೂಡಿಟ್ಟ ಹಣಕ್ಕೆ ಶೇ. 6 ಬಡ್ಡಿ ಬರುತ್ತದೆಂದು ಹಿಡಿದು, ಕಂಪನಿಯ ಖರ್ಚು-ಲಾಭ ಬಿಟ್ಟು ಲೆಕ್ಕ ಹಾಕಿದರೆ, ಮೂವತ್ತಕ್ಕೆ ಸೇರಿದವರ ಸಮಾನ ಕಂತು ವರ್ಷಕ್ಕೆ ಸುಮಾರು 26 ಸಾವಿರ ರೂಪಾಯಿ, ನಲವತ್ತಕ್ಕೆ ಸೇರಿದವರದು ಸುಮಾರು 41 ಸಾವಿರ. (ಪೇಟೆಯ ದರ ಇದಕ್ಕಿಂತ ಬಹಳ ಕಡಿಮೆ. ವೈದ್ಯಕೀಯ ತಪಾಸಣೆಯಲ್ಲಿ ಆರಿಸಿದ ಆರೋಗ್ಯವಂತರಲ್ಲಿ, ಅದರಲ್ಲೂ ಸಿಗರೇಟು ಸೇದದವರಲ್ಲಿ ಸಾವು ಕೋಷ್ಟಕಕ್ಕಿಂತ ಕಡಿಮೆ. ಇಲ್ಲಿ ನೋಡಬೇಕಾದದ್ದು ಎರಡರ ನಡುವಿನ ಅಂತರವನ್ನು.)

ಮೂವತ್ತಕ್ಕೆ ಸೇರಿದವರ ಮೊದಲ ವರ್ಷದ ನಿಜವಾದ ವೆಚ್ಚ ಹತ್ತು ಸಾವಿರ, ಅವರು ಕಟ್ಟುವುದು 26 ಸಾವಿರ. ಹೆಚ್ಚುವರಿ ಹಣ ಕಂಪನಿಯ ನಿಧಿಯಲ್ಲಿ ಬಡ್ಡಿ ಸೇರಿಸಿಕೊಂಡು ಬೆಳೆಯುತ್ತದೆ. ನಲವತ್ತೈದರ ಹೊತ್ತಿಗೆ ವೆಚ್ಚವೂ ಕಂತೂ ಸಮವಾಗುತ್ತವೆ. ಆಮೇಲೆ ವೆಚ್ಚ ಕಂತನ್ನು ಮೀರುತ್ತದೆ, ಕೊರತೆಯನ್ನು ಆ ನಿಧಿ ತುಂಬುತ್ತದೆ. ನಲವತ್ತಕ್ಕೆ ಬಂದವರಿಗೆ ಆ ಅಗ್ಗದ ಹತ್ತು ವರ್ಷಗಳೂ ಇಲ್ಲ, ಅವುಗಳ ಬಡ್ಡಿಯೂ ಇಲ್ಲ. ದುಬಾರಿ ವರ್ಷಗಳ ಭಾರ ಮಾತ್ರ ಹಾಗೆಯೇ ಉಳಿದಿದೆ. ಹೆಚ್ಚಿನ ಕಂತು ತಡವಾಗಿ ಬಂದದ್ದಕ್ಕೆ ಹಾಕಿದ ದಂಡವಲ್ಲ, ಇದರ ಫಲ.

ಕೊನೆಯವರೆಗೆ ಕಟ್ಟಿದ ಒಟ್ಟು ಮೊತ್ತ ನೋಡಿದರೆ ಇನ್ನೊಂದು ಸೋಜಿಗ. ಮೊದಲನೆಯವರದು ಮೂವತ್ತು ವರ್ಷಕ್ಕೆ 7.8 ಲಕ್ಷ, ಎರಡನೆಯವರದು ಇಪ್ಪತ್ತೇ ವರ್ಷಕ್ಕೆ 8.2 ಲಕ್ಷ. ಹತ್ತು ವರ್ಷದ ರಕ್ಷಣೆ ಪುಕ್ಕಟೆ ಸಿಕ್ಕಿತೆಂದು ಏಜೆಂಟರು ಇದನ್ನು ತೋರಿಸುವುದುಂಟು. ಅದು ಅರ್ಧ ಸತ್ಯ. ಮೊದಲೇ ಕಟ್ಟಿದ ಹಣ ನಿಮ್ಮ ಕೈಯಲ್ಲೇ ಇದ್ದಿದ್ದರೂ ಬಡ್ಡಿ ತರುತ್ತಿತ್ತು. ತನ್ನ ದುಡಿಮೆಯನ್ನು ನಂಬಿದವರು ಯಾರೂ ಇಲ್ಲದ ಒಂಟಿ ಯುವಕ ದರ ಅಗ್ಗವೆಂಬ ಒಂದೇ ಕಾರಣಕ್ಕೆ ಅವಸರಪಡಬೇಕಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಆದರೆ ಕೋಷ್ಟಕದಲ್ಲಿ ಕಾಣದ ಇನ್ನೊಂದು ಅಪಾಯವಿದೆ. ಹತ್ತು ವರ್ಷದಲ್ಲಿ ಸಕ್ಕರೆ ಕಾಯಿಲೆಯೋ ಬಿಪಿಯೋ ಅಂಟಿಕೊಂಡರೆ ವಯಸ್ಸಿನ ದರದ ಮೇಲೆ ಹೆಚ್ಚುವರಿ ಕಂತು ಬೀಳುತ್ತದೆ, ಒಮ್ಮೊಮ್ಮೆ ಅರ್ಜಿಯೇ ತಿರಸ್ಕೃತವಾಗುತ್ತದೆ. ಪಾಲಿಸಿ ಕೈಸೇರಿದ ಮೇಲೆ ಬಂದ ಕಾಯಿಲೆಗೆ ಕಂತು ಏರುವುದಿಲ್ಲ. ಬೇಗ ಕೊಂಡವರ ನಿಜವಾದ ಲಾಭ ಇದು.

ದರ ಹೋಲಿಸುವಾಗ ರಕ್ಷಣೆ ಮುಗಿಯುವ ವಯಸ್ಸು ಒಂದೇ ಇರುವಂತೆ ನೋಡಿಕೊಳ್ಳಿ. ಮೂವತ್ತಕ್ಕೂ ನಲವತ್ತಕ್ಕೂ ಮೂವತ್ತು ವರ್ಷದ ಅವಧಿಯನ್ನೇ ಕೇಳಿದರೆ, ಎರಡನೆಯದರಲ್ಲಿ ಅರವತ್ತರಿಂದ ಎಪ್ಪತ್ತರವರೆಗಿನ ಅತಿ ದುಬಾರಿ ವರ್ಷಗಳೂ ಸೇರಿರುತ್ತವೆ.