ತುಟಿ ಮರಗಟ್ಟಿದರೂ ಹಲ್ಲು ನೋಯುವುದೇಕೆ?

ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಲು ಕೂತವರ ತುಟಿ ಇಂಜೆಕ್ಷನ್ ಬಳಿಕ ಪೂರ್ತಿ ಮರಗಟ್ಟಿರುತ್ತದೆ. ಆದರೂ ಡ್ರಿಲ್ ತಾಗಿದ ಕೂಡಲೇ ಜೀವ ಹೋಗುವಷ್ಟು ನೋವು. ಡಾಕ್ಟ್ರಿಗೆ ಇಂಜೆಕ್ಷನ್ ಕೊಡಲು ಬರುವುದಿಲ್ಲ ಅಂತ ಹಲವರು ದೂರುತ್ತಾರೆ. ವಿಷಯ ಅಷ್ಟು ಸುಲಭದ್ದಲ್ಲ.

ಕೆಳದವಡೆಯ ಹಿಂಭಾಗದ ಎಲುಬು ದಪ್ಪ. ಹಾಗಾಗಿ ನರ ಎಲುಬಿನೊಳಗೆ ಹೋಗುವ ಜಾಗದ ಹತ್ತಿರ ಲಿಗ್ನೋಕೇನ್ ಕೊಡುತ್ತಾರೆ. ಆ ಜಾಗ ಎಲ್ಲರಲ್ಲೂ ಒಂದೇ ಎತ್ತರದಲ್ಲಿ ಇರುವುದಿಲ್ಲ. 15 ನಿಮಿಷ ಕಳೆದರೂ ತುಟಿ ಮರಗಟ್ಟದಿದ್ದರೆ ಬಹುತೇಕ ಸೂಜಿ ಗುರಿ ತಪ್ಪಿದೆ ಅಂತಲೇ ಲೆಕ್ಕ, ಇನ್ನೊಮ್ಮೆ ಕೊಡುತ್ತಾರೆ.

ತುಟಿ ಮರಗಟ್ಟಿಯೂ ನೋವಿದ್ದರೆ ಕಥೆ ಬೇರೆ. ರಾತ್ರಿ ನಿದ್ದೆಗೆಡಿಸಿದ, ಬಿಸಿ ಚಾ ತಾಗಿದರೆ ಸಿಡಿಯುವ ಹಲ್ಲಿನ ನರ ಉರಿಯೂತದಿಂದ ಕೆರಳಿರುತ್ತದೆ. ಅದು ಮಾಮೂಲಿ ಮದ್ದಿಗೆ ಸುಲಭದಲ್ಲಿ ಬಗ್ಗುವುದಿಲ್ಲ. ಅದಕ್ಕೇ ಅನುಭವಿ ಡಾಕ್ಟ್ರು ತುಟಿಯನ್ನು ನಂಬದೆ, ತಂಪು ಸ್ಪ್ರೇ ಹಾಕಿದ ಹತ್ತಿಯನ್ನು ಹಲ್ಲಿಗೆ ಮುಟ್ಟಿಸಿ ನೋಡುತ್ತಾರೆ. ಚುಳುಕ್ ಅಂದರೆ ಡ್ರಿಲ್ ಮುಟ್ಟುವುದಿಲ್ಲ. ಕೆನ್ನೆ ಬದಿಯ ಒಸಡಿಗೆ ಆರ್ಟಿಕೇನ್ ಕೊಡುತ್ತಾರೆ. ಸಾಲದಿದ್ದರೆ ಹಲ್ಲಿಗೂ ಎಲುಬಿಗೂ ನಡುವಿನ ಸಂದಿಗೆ. ಕೊನೆಯ ದಾರಿ, ತೆರೆದ ಹಲ್ಲಿನ ಒಳಗೇ ಚುಚ್ಚುವುದು. ಒಂದು ಕ್ಷಣ ಜೋರಾಗಿ ನೋಯುತ್ತದೆ, ಕೂಡಲೇ ಮರಗಟ್ಟುತ್ತದೆ.

ತಂಪು ಗೊತ್ತಾಗದಿದ್ದರೂ ಕೆಲವೊಮ್ಮೆ ಒಳಗೆ ನೋಯುವುದುಂಟು. ಆಗ ಹಲ್ಲು ಕಚ್ಚಿ ಸಹಿಸಬೇಕಿಲ್ಲ, ಕೈ ಎತ್ತಿದರೆ ಡಾಕ್ಟ್ರು ನಿಲ್ಲಿಸಿ ಮತ್ತೆ ಮದ್ದು ಕೊಡುತ್ತಾರೆ.