ಬಿಲ್ ಬುಕ್ಕಿನಲ್ಲೇ ಇದೆ ಲೇಖನ: ಅಂಗಡಿಯವರು ಕೃಷಿ ಪತ್ರಿಕೆಗೆ ಬರೆಯೋದು ಹೇಗೆ?

ಜೂನ್ ಬಂತು ಅಂದ್ರೆ ಅಡಿಕೆ ತೋಟದವರಿಗೆ ಕೊಳೆರೋಗದ್ದೇ ಚಿಂತೆ. ಮಳೆ ಬಿಡುವು ಕೊಟ್ಟ ಒಂದೆರಡು ದಿನದಲ್ಲಿ ಬೋರ್ಡೋ ಹೊಡೆದು ಮುಗಿಸಬೇಕು. ಅಷ್ಟರಲ್ಲಿ ಪಂಪು ಕೈಕೊಟ್ಟರೆ ಮದ್ದು ಬಿಡುವವರ ಕೂಲಿಯೂ ಹೋಯ್ತು, ಬಿಸಿಲೂ ಹೋಯ್ತು. ಆಗ ಜನ ಊರಿನ ರಿಪೇರಿ ಅಂಗಡಿ ಬಿಟ್ಟು ಪೇಟೆಯ ದೊಡ್ಡ ಶೋರೂಮಿಗೆ ಓಡೋದುಂಟು. ಕೆಲಸ ಗೊತ್ತಿಲ್ಲ ಅಂತಲ್ಲ, ಊರಿನವನ ಹೆಸರು ನಾಲ್ಕು ಜನರಿಗೆ ಗೊತ್ತಿಲ್ಲ, ಅಷ್ಟೇ.

ಆ ಹೆಸರು ಸಂಪಾದಿಸಲು ಒಂದು ದಾರಿ ಇದೆ. ತಮ್ಮ ಕಸುಬಿನ ಗಿರಾಕಿಗಳು ಓದುವ ಪತ್ರಿಕೆಗೆ ಲೇಖನ ಬರೆಯೋದು. ಪುತ್ತೂರಿನಿಂದ ಹೊರಡುವ ‘ಅಡಿಕೆ ಪತ್ರಿಕೆ’ 1988ರಲ್ಲಿ ಶುರುವಾದದ್ದೇ ಕೃಷಿಕರ ಕೈಗೆ ಲೇಖನಿ ಕೊಡಬೇಕು ಎಂಬ ಯೋಚನೆಯಿಂದ. ಶ್ರೀ ಪಡ್ರೆಯವರು ಕೃಷಿಕರಿಗೆ ಬರೆಯೋದನ್ನು ಕಲಿಸುವ ಶಿಬಿರಗಳನ್ನೂ ನಡೆಸಿದ್ದಾರೆ. ಹಾಗಾಗಿ ಬರೆಯಲು ಪತ್ರಕರ್ತರೇ ಆಗಬೇಕು ಅಂತೇನಿಲ್ಲ. ಆದರೆ ಕಳಿಸಿದ್ದೆಲ್ಲ ಅಚ್ಚಾಗೋದೂ ಇಲ್ಲ. ಸ್ಪ್ರೇ ಪಂಪ್ ರಿಪೇರಿ ಅಂಗಡಿಯವರೊಬ್ಬರು ಬರೆಯಲು ಹೊರಟಿದ್ದಾರೆ ಅಂತ ಇಟ್ಟುಕೊಂಡು ನೋಡೋಣ.

ವಿಷಯ ಎಲ್ಲಿಂದ?

‘ಸ್ಪ್ರೇ ಪಂಪಿನ ಮಹತ್ವ’ ಅಂತ ಬರೆದರೆ ಯಾವ ಸಂಪಾದಕರೂ ತೆಗೆದುಕೊಳ್ಳಲ್ಲ. ಅದನ್ನು ಯಾರು ಬೇಕಾದರೂ ಬರೆಯಬಹುದು. ಅಂಗಡಿಯವರ ಹತ್ತಿರ ಮಾತ್ರ ಇರುವ ವಸ್ತು ಬಿಲ್ ಬುಕ್. ಕಳೆದ ಮಳೆಗಾಲದ ಬಿಲ್ಲುಗಳನ್ನು ತೆಗೆದು ಕೂತು, ಯಾವ ಪಂಪಿಗೆ ಏನು ತೊಂದರೆ ಅಂತ ಒಂದು ಹಾಳೆಯಲ್ಲಿ ಗೆರೆ ಹಾಕುತ್ತಾ ಹೋಗಬೇಕು.

ಉದಾಹರಣೆಗೆ, 60 ಪಂಪು ಬಂದಿದ್ದು ಅದರಲ್ಲಿ 35ಕ್ಕೆ ಒಂದೇ ಕಾಯಿಲೆ ಅಂತ ಸಿಕ್ಕಿತು ಅನ್ನಿ. ಸುಣ್ಣವನ್ನು ಸರಿಯಾಗಿ ಸೋಸದೆ ಬಿಟ್ಟು, ಚರಟ ವಾಲ್ವಿನಲ್ಲಿ ಸಿಕ್ಕಿಕೊಂಡು ಒತ್ತಡ ಬಿದ್ದದ್ದು. ಇಲ್ಲವೇ ಕೆಲಸ ಮುಗಿದ ಮೇಲೆ ಶುದ್ಧ ನೀರು ಓಡಿಸದೆ ಹಾಗೇ ಇಟ್ಟದ್ದರಿಂದ ಮೈಲುತುತ್ತು ಲೋಹದ ಭಾಗಗಳನ್ನು ತಿಂದದ್ದು. ಈಗ ಲೇಖನ ಸಿಕ್ಕಿತು: ‘ಬೋರ್ಡೋ ಪಂಪು ಅರ್ಧದಲ್ಲಿ ನಿಲ್ಲೋದು ಯಾಕೆ?’

ಮೊದಲು ಪತ್ರ, ಆಮೇಲೆ ಲೇಖನ

ಪೂರ್ತಿ ಲೇಖನ ಬರೆದು ಕಳಿಸುವ ಮೊದಲು ಸಂಪಾದಕರಿಗೆ ಹತ್ತು ಸಾಲಿನ ಪತ್ರ ಹಾಕೋದು ಒಳ್ಳೇದು. ಅದಕ್ಕೂ ಮುಂಚೆ ಆ ಪತ್ರಿಕೆಯ ಹಳೇ ಸಂಚಿಕೆ ನಾಲ್ಕಾದರೂ ಓದಿ. ಇದೇ ವಿಷಯ ಈಚೆಗೆ ಬಂದಿದೆಯಾ, ಲೇಖನಗಳು ಎಷ್ಟು ಉದ್ದ ಇರುತ್ತವೆ, ಹೊರಗಿನವರು ಬರೆದದ್ದು ಇದೆಯಾ ಅಂತ ಗೊತ್ತಾಗುತ್ತದೆ. ಪತ್ರ ಹೀಗಿದ್ದರೆ ಸಾಕು:

“ಮಾನ್ಯರೇ, ನಾನು 14 ವರ್ಷದಿಂದ ಸ್ಪ್ರೇ ಪಂಪ್ ರಿಪೇರಿ ಮಾಡುತ್ತಿದ್ದೇನೆ. ಕಳೆದ ಮಳೆಗಾಲ ನಮ್ಮಲ್ಲಿಗೆ ಬಂದ 60 ಪಂಪುಗಳಲ್ಲಿ 35 ಕೆಟ್ಟದ್ದು ಸೋಸದ ಸುಣ್ಣ ಮತ್ತು ತೊಳೆಯದೆ ಇಟ್ಟದ್ದರಿಂದ. ಇದನ್ನು ತಡೆಯಲು ಕೃಷಿಕರು ಮನೆಯಲ್ಲೇ ಮಾಡಬಹುದಾದ ಮೂರು ಕೆಲಸಗಳ ಬಗ್ಗೆ 700 ಪದದ ಲೇಖನ ಕೊಡಬಲ್ಲೆ. ಸವೆದ ಮತ್ತು ಹೊಸ ವಾಲ್ವಿನ ಫೋಟೋ ಇವೆ. ಮೇ ಸಂಚಿಕೆಗೆ ಆದರೆ ಮಳೆಗೆ ಮುಂಚೆ ಉಪಯೋಗವಾದೀತು. ನಾನು ಬಿಡಿಭಾಗ ಮಾರುವವನೂ ಹೌದು. ಲೇಖನದಲ್ಲಿ ಯಾವ ಕಂಪನಿಯ ಹೆಸರೂ ಇರುವುದಿಲ್ಲ.”

ಕೊನೆಯ ಎರಡು ವಾಕ್ಯ ಬಿಡಬೇಡಿ. ವ್ಯಾಪಾರಿ ಬರೆದದ್ದು ಅಂದ ಕೂಡಲೇ ಸಂಪಾದಕರಿಗೆ ಬರುವ ಮೊದಲ ಅನುಮಾನ ‘ಇದು ಪುಕ್ಕಟೆ ಜಾಹೀರಾತಾ?’ ಅಂತ. ನೀವೇ ಮೊದಲು ಹೇಳಿಬಿಟ್ಟರೆ ಆ ಅನುಮಾನ ಅಲ್ಲಿಗೇ ಮುಗಿಯುತ್ತದೆ.

ಸಮಯವೂ ಮುಖ್ಯ. ಮಾಸಪತ್ರಿಕೆಯ ಪುಟಗಳು ವಾರಗಟ್ಟಲೆ ಮುಂಚೆ ತಯಾರಾಗುತ್ತವೆ. ಜೂನ್‌ನಲ್ಲಿ ಬೇಕಾಗುವ ವಿಷಯಕ್ಕೆ ಮಾರ್ಚ್‌ನಲ್ಲೇ ಪತ್ರ ಹೋಗಬೇಕು. ಮಳೆ ಹಿಡಿದ ಮೇಲೆ ಕಳಿಸಿದರೆ ‘ಮುಂದಿನ ವರ್ಷ ನೋಡೋಣ’ ಅನ್ನುತ್ತಾರೆ.

ಬರೆಯುವಾಗ

ಅಂಗಡಿ ಶುರುವಾದ ಕಥೆಯಿಂದ ಆರಂಭಿಸಬೇಡಿ. ಪಂಪು ನಿಂತ ಜಾಗದಿಂದಲೇ ಶುರು ಮಾಡಿ. ಎದುರಿಗೆ ಗಿರಾಕಿ ನಿಂತು ಕೇಳಿದಾಗ ಹೇಗೆ ಹೇಳುತ್ತೀರೋ ಅದೇ ಕ್ರಮ: ಒತ್ತಡ ಕಡಿಮೆಯಾದರೆ ಮೊದಲು ಜಾಲರಿ ನೋಡಿ, ಆಮೇಲೆ ಪೈಪಿನ ಜಾಯಿಂಟು, ಅದೂ ಸರಿ ಇದ್ದರೆ ವಾಲ್ವು ಬಿಚ್ಚಿ. ಯಾವುದನ್ನು ಮನೆಯಲ್ಲಿ ಮಾಡಬಹುದು, ಯಾವುದಕ್ಕೆ ಅಂಗಡಿಗೆ ತರಬೇಕು ಅಂತ ಬಿಡಿಸಿ ಹೇಳಿ. ‘ಇಷ್ಟು ನೀವೇ ಮಾಡಿಕೊಳ್ಳಿ’ ಅಂತ ಹೇಳಿದರೆ ಗಿರಾಕಿ ಕಡಿಮೆಯಾಗುತ್ತಾರೆ ಎಂಬ ಹೆದರಿಕೆ ಹಲವರಿಗೆ ಇದೆ. ಆದರೆ ಜಾಲರಿ ತೊಳೆಯೋದನ್ನು ಹೇಳಿಕೊಟ್ಟವರ ಹತ್ತಿರವೇ ಜನ ದೊಡ್ಡ ರಿಪೇರಿಗೆ ಬರೋದು.

ತಮ್ಮ ಕಸುಬಿನ ಗಡಿ ದಾಟುವಾಗ ಹುಷಾರು. ಪಂಪಿನ ವಿಷಯ ಅಂಗಡಿಯವರಿಗೆ ಗೊತ್ತು, ಮದ್ದಿನ ವಿಷಯ ಬೇರೆ. ಶೇಕಡಾ 1ರ ಬೋರ್ಡೋಕ್ಕೆ 100 ಲೀಟರ್ ನೀರಿಗೆ ಮೈಲುತುತ್ತು 1 ಕೆ.ಜಿ., ಸುಣ್ಣ 1 ಕೆ.ಜಿ. ಅನ್ನೋದು ಎಲ್ಲರಿಗೂ ಗೊತ್ತಿರುವ ಲೆಕ್ಕ. ದ್ರಾವಣದಲ್ಲಿ ಕಬ್ಬಿಣದ ಚೂರಿ ಅದ್ದಿದಾಗ ಕೆಂಪು ಬಣ್ಣ ಕಟ್ಟಿದರೆ ಸುಣ್ಣ ಸಾಲದು ಎಂಬ ಪರೀಕ್ಷೆಯೂ ಉಂಟು. ಆದರೂ ಇಂಥದ್ದನ್ನು ಬರೆಯುವ ಮುಂಚೆ ಕೃಷಿ ವಿಜ್ಞಾನ ಕೇಂದ್ರದವರಿಗೋ ವಿಟ್ಲದ ಸಿಪಿಸಿಆರ್‌ಐಗೋ ಫೋನ್ ಮಾಡಿ ಖಚಿತ ಮಾಡಿಕೊಳ್ಳಬೇಕು. ಒಂದು ಅಳತೆ ತಪ್ಪಿದರೆ ತೋಟ ಹಾಳಾಗುತ್ತದೆ, ಹೆಸರು ಕೆಡೋದು ಬರೆದವರದ್ದು.

ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಕುಗ್ಗಿಹೋಗಿ ಅಚ್ಚಿಗೆ ಬರಲ್ಲ. ಇಮೇಲ್‌ನಲ್ಲಿ ಅಥವಾ ವಾಟ್ಸಾಪ್‌ನಲ್ಲೇ ಡಾಕ್ಯುಮೆಂಟ್ ಆಗಿ ಕಳಿಸಿ.

ಎಡವೋದು ಎಲ್ಲಿ?

ಒಂದೇ ಲೇಖನವನ್ನು ಎರಡು ಪತ್ರಿಕೆಗೆ ಒಟ್ಟಿಗೆ ಕಳಿಸೋದು ದೊಡ್ಡ ತಪ್ಪು. ಎರಡರಲ್ಲೂ ಬಂದುಬಿಟ್ಟರೆ ಮತ್ತೆ ಯಾರೂ ಬಾಗಿಲು ತೆಗೆಯಲ್ಲ. ಮೂರು ವಾರ ಕಾದು ಒಮ್ಮೆ ನೆನಪಿಸಿ. ಆಗಲೂ ಉತ್ತರ ಇಲ್ಲ ಅಂದ್ರೆ ‘ಬೇರೆ ಕಡೆ ಕೊಡುತ್ತಿದ್ದೇನೆ’ ಅಂತ ತಿಳಿಸಿ ಮುಂದಿನವರಿಗೆ ಕಳಿಸಿ.

ಲೇಖನ ಹಾಕಲು ಇಷ್ಟು ದುಡ್ಡು ಅಂತ ಯಾರಾದರೂ ಕೇಳಿದರೆ ಅದು ಜಾಹೀರಾತು, ಲೇಖನ ಅಲ್ಲ. ಕೊಡೋದು ಬಿಡೋದು ನಿಮ್ಮಿಷ್ಟ, ಆದರೆ ಸಂಪಾದಕರು ಆರಿಸಿದ ಲೇಖನಕ್ಕೆ ಸಿಗುವ ಬೆಲೆ ಅದಕ್ಕೆ ಸಿಗಲ್ಲ.

ಫೋನ್ ಬಂದಾಗ

ಲೇಖನದ ಕೊನೆಯಲ್ಲಿ ಹೆಸರು, ಊರು, ಕಸುಬು, ಫೋನ್ ನಂಬರ್ ಹಾಕಲು ಮೊದಲೇ ಕೇಳಿಕೊಳ್ಳಿ. ಅಂಗಡಿಯ ಇಡೀ ಲಾಭ ಇರೋದು ಆ ಒಂದು ಸಾಲಿನಲ್ಲಿ. ಮನೆಯ ನಂಬರ್ ಬೇಡ, ಅಂಗಡಿಯದ್ದು ಕೊಡಿ. ಕರೆ ಮಾಡುವವರಲ್ಲಿ ಹೆಚ್ಚಿನವರು ದೂರದ ತಾಲೂಕಿನವರಾಗಿರಬಹುದು. ಅವರು ಪಂಪು ಹೊತ್ತುಕೊಂಡು ಇಲ್ಲಿಗೆ ಬರಲ್ಲ, ಸಲಹೆ ಕೇಳುತ್ತಾರೆ. ಬೇಸರ ಮಾಡದೆ ಹೆಸರು, ಊರು, ಪಂಪಿನ ತೊಂದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅವರಲ್ಲಿ ಬಿಡಿಭಾಗ ತರಿಸಿಕೊಳ್ಳುವವರು, ಬೇರೆ ಊರಿನ ಮೆಕ್ಯಾನಿಕ್‌ಗಳು, ಸಹಕಾರಿ ಸಂಘದವರೂ ಸಿಗಬಹುದು.

ಮರುದಿನವೇ ವ್ಯಾಪಾರ ಏರುತ್ತದೆ ಅಂತ ಮಾತ್ರ ಕಾಯಬೇಡಿ. ಅಚ್ಚಾದ ಪುಟವನ್ನು ಕೌಂಟರಿನ ಗಾಜಿನ ಕೆಳಗೆ ಇಟ್ಟುಬಿಡಿ. ಮುಂದಿನ ಜೂನ್‌ನಲ್ಲಿ ಪಂಪು ತಂದವರು ಕಾಯುವ ಹೊತ್ತಿಗೆ ಅದನ್ನು ಓದಿಯೇ ಓದುತ್ತಾರೆ. ಅವರ ಕೈಗೆ ಕೊಡುವ ಬಿಲ್ಲಿನ ಪ್ರತಿ ಮಾತ್ರ ಜೋಪಾನ, ಎರಡನೇ ಲೇಖನ ಅದರಲ್ಲೇ ಇದೆ.