ಮೊದಲು ಪೀಣ್ಯದ ಜಾಬ್‌ವರ್ಕ್ ಶೆಡ್ಡು

ಸಣ್ಣ ಉದ್ದಿಮೆಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುತ್ತೇವೆ ಎನ್ನುವವರನ್ನು ಮೊದಲು ಕೇಳಬೇಕಾದದ್ದು, ಯಾವ ಉದ್ದಿಮೆಗೆ ಎಂದು. ಔಷಧದ ಡಿಸ್ಟ್ರಿಬ್ಯೂಟರ್ ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಖು ನೋಡದೆ ಬಿಲ್ ಹಾಕುವುದಿಲ್ಲ. ಕಿರಾಣಿ ಅಂಗಡಿಯವರಿಗೆ ಉದ್ರಿ ಲೆಕ್ಕ ಸರಿಯಿದ್ದರೆ ಸಾಕು. ಇಬ್ಬರ ವಾರ್ಷಿಕ ವಹಿವಾಟೂ 1 ಕೋಟಿಯೇ ಇರಬಹುದು, ಆದರೂ ಅವರು ಒಂದೇ ಗುಂಪಿನ ಗ್ರಾಹಕರಲ್ಲ. ವಹಿವಾಟಿನ ಗಾತ್ರ ನೋಡಿ ಗುಂಪು ಕಟ್ಟುವುದು ಸುಲಭ, ಉಪಯೋಗ ಮಾತ್ರ ಕಡಿಮೆ. ಲೆಕ್ಕ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡಿ ಗುಂಪು ಮಾಡಬೇಕು.

ಇದಕ್ಕೆ ಪೀಣ್ಯದ ಉದಾಹರಣೆ ತೆಗೆದುಕೊಳ್ಳೋಣ. ಅಲ್ಲಿ ಸಿಎನ್‌ಸಿ ಲೇತ್ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವ ಶೆಡ್ಡುಗಳು ಬಹಳ. ದೊಡ್ಡ ಕಂಪನಿ ಡೆಲಿವರಿ ಚಲನ್ ಮೇಲೆ ಕಾಸ್ಟಿಂಗ್ ಕಳಿಸುತ್ತದೆ, ಶೆಡ್ಡಿನವರು ಅದನ್ನು ಮಷಿನಿಂಗ್ ಮಾಡಿ ಹಿಂದಿರುಗಿಸಿ ಮಜೂರಿಗೆ ಮಾತ್ರ ಬಿಲ್ ಹಾಕುತ್ತಾರೆ. ಮಾಲು ಅವರದ್ದಲ್ಲ, ಆದರೆ ಲೆಕ್ಕ ಒಪ್ಪಿಸಬೇಕಾದವರು ಅವರೇ. ಕಳಿಸಿದ ಮಾಲು ಒಂದು ವರ್ಷದೊಳಗೆ ಹಿಂದಿರುಗದಿದ್ದರೆ ಜಿಎಸ್‌ಟಿ ಕಾನೂನು ಅದನ್ನು ಕಳಿಸಿದ ದಿನವೇ ಮಾರಿದ್ದೆಂದು ಎಣಿಸುತ್ತದೆ. ಆದ್ದರಿಂದ ಕಂಪನಿಯವರು ಚಲನ್‌ವಾರು ಲೆಕ್ಕ ಕೇಳುತ್ತಲೇ ಇರುತ್ತಾರೆ.

ಒಂದು ಚಲನ್ ಹಿಡಿದು ನೋಡಿ. 500 ಕಾಸ್ಟಿಂಗ್ ಬಂದವು, ಮಜೂರಿ ಪೀಸಿಗೆ 40 ರೂಪಾಯಿ. ಮೊದಲ ಸಲ 300, ಎರಡನೇ ಸಲ 180 ಒಳ್ಳೆಯ ಪೀಸು ಹೋದವು. ಉಳಿದ 20 ರಿಜೆಕ್ಷನ್. ಅದರಲ್ಲಿ 12 ಪೀಸುಗಳಲ್ಲಿ ಕೊರೆಯುವಾಗ ಬ್ಲೋಹೋಲ್ ಕಂಡಿತು. ಅದು ಫೌಂಡ್ರಿಯ ದೋಷ, ಮೆಟೀರಿಯಲ್ ರಿಜೆಕ್ಷನ್. ಇನ್ನು 8 ಶೆಡ್ಡಿನ ತಪ್ಪಿನಿಂದ ಹಾಳಾದವು, ಮಷಿನಿಂಗ್ ರಿಜೆಕ್ಷನ್. ಕಾಸ್ಟಿಂಗ್ ಒಂದಕ್ಕೆ 250 ರೂಪಾಯಿಯಾದರೆ ಶೆಡ್ಡಿನವರು ಹೊರಬೇಕಾದ್ದು 2,000 ರೂಪಾಯಿ. ಎರಡನ್ನೂ ಬೇರ್ಪಡಿಸಿದ ದಾಖಲೆ ಇಲ್ಲದಿದ್ದರೆ ಕಂಪನಿ 5,000ಕ್ಕೆ ಡೆಬಿಟ್ ನೋಟ್ ಕಳಿಸುತ್ತದೆ. ಒಟ್ಟು ಮಜೂರಿಯೇ 19,200. ಅದರಲ್ಲಿ 3,000 ಸುಮ್ಮನೆ ಹೋಯಿತು. ಈ ಶೆಡ್ಡಿನ ಮಾಲೀಕರಿಗೆ ಬೇಕಾದದ್ದು ಚಲನ್‌ವಾರು ಬ್ಯಾಲೆನ್ಸ್ ಮತ್ತು ಎರಡು ಬಗೆಯ ರಿಜೆಕ್ಷನ್‌ಗೆ ಎರಡು ಕಾಲಂ. ಚೆಂದದ ಡ್ಯಾಶ್‌ಬೋರ್ಡ್ ತೋರಿಸಿದರೆ ಅವರು ಟೀ ಕುಡಿಸಿ ಕಳಿಸುತ್ತಾರೆ.

ಈ ಗುಂಪಿನಿಂದಲೇ ಶುರುಮಾಡಿ ಎನ್ನಲು ನನಗೆ ಇನ್ನೂ ಒಂದು ಕಾರಣವಿದೆ. ಒಂದೇ ಕಂಪನಿಗೆ ಕೆಲಸ ಮಾಡುವ ನಾಲ್ಕಾರು ಶೆಡ್ಡಿನವರು ಪರಸ್ಪರ ಬಲ್ಲವರಾಗಿರುತ್ತಾರೆ. ಒಬ್ಬರ ಡೆಬಿಟ್ ನೋಟ್ ಕಡಿಮೆಯಾದರೆ ಪಕ್ಕದವರು ತಾವಾಗಿಯೇ ವಿಚಾರಿಸುತ್ತಾರೆ. ಹಾಗೆ ಸುದ್ದಿ ಹರಡದ ಗುಂಪಿನಲ್ಲಿ ಪ್ರತಿ ಗ್ರಾಹಕರನ್ನೂ ಹೊಸದಾಗಿ ಹುಡುಕಬೇಕು, ಆ ಖರ್ಚು ಸಣ್ಣ ಕಂಪನಿಗೆ ತಾಳದು.

ಇಲ್ಲಿ ಬಹಳ ಜನ ಮರೆಯುವ ವ್ಯಕ್ತಿ ಅಕೌಂಟೆಂಟ್. ವಾರಕ್ಕೊಮ್ಮೆ ಬಂದು ಪುಸ್ತಕ ಬರೆದು ರಿಟರ್ನ್ ಸಲ್ಲಿಸುವ ಇವರ ಕೈ ಪಳಗಿರುವುದು ಸಾಮಾನ್ಯವಾಗಿ ಟ್ಯಾಲಿಯಲ್ಲಿ. ಅದನ್ನು ಬಿಡಿ ಎಂದರೆ ಮಾಲೀಕರು ಒಪ್ಪಿದ ವ್ಯಾಪಾರವನ್ನೂ ಅವರು ಮುರಿದಾರು. ಆದ್ದರಿಂದ ಶೆಡ್ಡಿನ ಚಲನ್ ಲೆಕ್ಕವನ್ನು ಹೊಸ ಸಾಫ್ಟ್‌ವೇರ್ ಹಿಡಿಯಲಿ, ಬಿಲ್ಲುಗಳು ಟ್ಯಾಲಿಗೆ ತಾವೇ ಹೋಗಲಿ. ಅಂದಹಾಗೆ, 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಟ್ಯಾಲಿಯ ಮೂಲವೂ ಒಬ್ಬ ವ್ಯಾಪಾರಿಯ ಗಲ್ಲಾಪೆಟ್ಟಿಗೆಯೇ. ಕಾರ್ಖಾನೆಗಳಿಗೆ ಕಚ್ಚಾಮಾಲು, ಯಂತ್ರದ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ತಮ್ಮ ಲೆಕ್ಕಕ್ಕೆ ಸರಿಹೊಂದುವ ಸಾಫ್ಟ್‌ವೇರ್ ಸಿಗದೆ ಮಗ ಭರತ್‌ಗೆ ಬರೆಯಲು ಹೇಳಿದ್ದರು.

ಆರಿಸಿಕೊಂಡ ಗುಂಪು ಸರಿಯೇ ಎಂದು ತಿಳಿಯಲು ಸಹಾಯಕ್ಕೆ ಬರುವ ಕರೆಗಳನ್ನು ಬರೆದಿಟ್ಟು ನೋಡಬೇಕು. ಇತ್ತೀಚಿನ ಹತ್ತು ಗ್ರಾಹಕರಲ್ಲಿ ಏಳೆಂಟು ಮಂದಿ ಒಂದೇ ತಿದ್ದುಪಡಿ ಕೇಳುತ್ತಿದ್ದರೆ ಗುಂಪು ಗಟ್ಟಿ. ಒಬ್ಬರು ಬಾರ್‌ಕೋಡ್, ಇನ್ನೊಬ್ಬರು ಸಂಬಳದ ಪಟ್ಟಿ, ಮತ್ತೊಬ್ಬರು ರಫ್ತಿನ ಬಿಲ್ ಕೇಳುತ್ತಿದ್ದರೆ ಅದು ಹೆಸರಿಗಷ್ಟೇ ಗುಂಪು. ಕೊಂಡವರು ವರ್ಷದ ಕೊನೆಗೆ ಮತ್ತೆ ದುಡ್ಡು ಕಟ್ಟುತ್ತಾರೆಯೇ ಎಂಬುದು ಇದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆ.

ಹಣದ ಮಿತಿಯನ್ನೂ ಮೊದಲೇ ಲೆಕ್ಕಹಾಕಬೇಕು. ವರ್ಷಕ್ಕೆ 12,000 ರೂಪಾಯಿಯಂತೆ 200 ಶೆಡ್ಡು ಸೇರಿದರೆ ಬರುವುದು 24 ಲಕ್ಷ. ನಾಲ್ಕು ಜನರ ತಂಡ ನಡೆಯಬಹುದು, ಹತ್ತು ಜನರದ್ದು ಕಷ್ಟ. ಅದೂ ಅಲ್ಲದೆ ಈ ಶೆಡ್ಡುಗಳೆಲ್ಲ ವಾಹನ ಉದ್ಯಮವನ್ನೇ ನೆಚ್ಚಿಕೊಂಡಿದ್ದರೆ ಅಲ್ಲಿ ಮಂದಗತಿ ಬಂದ ವರ್ಷ ಎಲ್ಲ ಗ್ರಾಹಕರ ಕೈಯೂ ಒಟ್ಟಿಗೇ ಬಿಗಿಯಾಗುತ್ತದೆ. ಹಾಗಾಗಿ ವಿಸ್ತರಣೆ ಬೇಕೇ ಬೇಕು, ಆದರೆ ಕಿರಾಣಿ ಅಂಗಡಿಯ ಕಡೆಗಲ್ಲ. ಅದೇ ಕಾಸ್ಟಿಂಗ್ ಮುಂದೆ ಪ್ಲೇಟಿಂಗ್, ಪೌಡರ್ ಕೋಟಿಂಗ್ ಘಟಕಗಳಿಗೆ ಹೋಗುತ್ತದೆ. ಅಲ್ಲಿಯೂ ಪರರ ಮಾಲು, ಅಲ್ಲಿಯೂ ಚಲನ್, ಅಲ್ಲಿಯೂ ರಿಜೆಕ್ಷನ್ ಜಗಳ. ಕೆಲವು ಕಡೆ ಪೀಸಿನ ಬದಲು ಕೆಜಿ ಲೆಕ್ಕದಲ್ಲಿ ಮಜೂರಿ ಹಾಕುತ್ತಾರೆ, ಅಷ್ಟು ತಿದ್ದಿದರೆ ಬಹುಪಾಲು ಕೆಲಸ ಮುಗಿಯಿತು. ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್‌ಗೆ ಕಸೂತಿ, ಪ್ರಿಂಟಿಂಗ್ ಮಾಡಿಕೊಡುವವರು ಆಮೇಲಿನ ಸರದಿ, ಅವರಿಗೆ ಸೈಜು, ಬಣ್ಣದ ಕಾಲಂಗಳನ್ನೂ ಸೇರಿಸಬೇಕಾಗುತ್ತದೆ.